ಸ್ಕೂಟರಿನ ಬಲಮಗ್ಗುಲು

ಗೆಳೆಯರೇ, ಕಳೆದ ವಾರ ನಿಮಗೆ ಬರೆಯಲು ಕೊಟ್ಟಿದ್ದು ಸ್ಟೋರಿಬೋರ್ಡಿನ, ಅಂದರೆ ಚಿತ್ರೀಕರಣಕ್ಕೆ ಮುನ್ನ ದೃಶ್ಯಗಳನ್ನು ಬಿಡಿಸಿಡುವ ಚಿತ್ರಸರಣಿಯ, ಒಂದೇ ಒಂದು ಫ್ರೇಮ್. ಹೊಸ ಎಲೆಕ್ಟ್ರಿಕ್ ಸ್ಕೂಟರಿನ ಬಿಡುಗಡೆಯ ಜಾಹೀರಾತು. ಸ್ಥಳ ಮೈಸೂರಿನ ಸಯ್ಯಾಜಿ ರಾವ್ ರಸ್ತೆ, ದೇವರಾಜ ಮಾರುಕಟ್ಟೆಯ ಮುಂಭಾಗ. ನಿಮ್ಮಲ್ಲಿ ಹೆಚ್ಚಿನವರು ‘ಗಿಜಿಗುಡುವ ರಸ್ತೆಯಲ್ಲಿ ಸ್ಕೂಟರ್ ವೇಗವಾಗಿ ಸಾಗುತ್ತಿದೆ’ ಎಂದು ಬರೆದಿದ್ದೀರಿ. ಚಿತ್ರ ಬರೆಯುವವನು ಇದನ್ನು ಓದಿ ಪೆನ್ಸಿಲ್ ಕೆಳಗಿಡುತ್ತಾನೆ. ಗಿಜಿಗುಡುವ ರಸ್ತೆಯಲ್ಲಿ ವೇಗ ಎಲ್ಲಿಂದ ಬರಬೇಕು? ಅದು ಹೋಗಲಿ, ಈ ಸ್ಕೂಟರ್ ಪೆಟ್ರೋಲಿನದಲ್ಲ ಎಂದು ತಿಳಿಸುವ ಗುರುತು ಆ ವಾಕ್ಯದಲ್ಲಿ ಒಂದೂ ಇಲ್ಲ.

ಎಂಜಿನ್ನಿನ ಸದ್ದಿಲ್ಲದಿರುವುದೇ ಈ ವಾಹನದ ದೊಡ್ಡ ಗುಣವಾದರೂ, ಅದನ್ನು ಫ್ರೇಮಿನ ಕೆಳಗಿನ ‘ಧ್ವನಿ’ ಎಂಬ ಸಾಲಿನಲ್ಲಿ ಬರೆಯಬಹುದೇ ಹೊರತು ಚಿತ್ರದಲ್ಲಿ ತೋರಿಸಲಾಗದು. ಕಣ್ಣಿಗೆ ಸಿಗುವುದು ಹಸಿರು ನಂಬರ್ ಪ್ಲೇಟು ಮತ್ತು ಇಲ್ಲದ ಸೈಲೆನ್ಸರ್. ನಮ್ಮ ಪೆಟ್ರೋಲ್ ಸ್ಕೂಟರುಗಳಲ್ಲಿ ಸೈಲೆನ್ಸರ್ ಸಾಮಾನ್ಯವಾಗಿ ಹಿಂಚಕ್ರದ ಬಲಗಡೆ ಇರುತ್ತದೆ. ಎಡಗಡೆಯಿಂದ ನೋಡಿದರೆ ಅದು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆದ್ದರಿಂದ ಕ್ಯಾಮೆರಾ ಎಲ್ಲಿರಬೇಕೆಂಬುದನ್ನು ಸ್ಕೂಟರೇ ಹೇಳುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಫ್ರೇಮ್ 4. ಅವಧಿ 3 ಸೆಕೆಂಡು. ಕ್ಯಾಮೆರಾ ಸ್ಕೂಟರಿನ ಬಲ ಹಿಂಬದಿಯಲ್ಲಿ, ನಂಬರ್ ಪ್ಲೇಟಿನ ಎತ್ತರದಲ್ಲಿ, ಅಲುಗದೆ ನಿಂತಿದೆ. ಮಲ್ಲಿಗೆ ಬುಟ್ಟಿ ಹೊತ್ತ ಹೆಂಗಸು ರಸ್ತೆ ದಾಟುತ್ತಿರುವುದರಿಂದ ಸ್ಕೂಟರ್ ನಿಂತಿದೆ. ಸವಾರಿಣಿ ಹೆಲ್ಮೆಟ್ ಧರಿಸಿದ್ದಾಳೆ, ಎಡಗಾಲು ನೆಲದ ಮೇಲಿದೆ. ಪಕ್ಕದ ಆಟೋದಿಂದ ಹೊಗೆ. ಧ್ವನಿ: ಆಟೋದ ಗಡಗಡ, ಹೂವಿನವರ ಕೂಗು, ಸ್ಕೂಟರಿನಿಂದ ಏನೂ ಇಲ್ಲ.’

ಇಲ್ಲಿ ‘ಗಿಜಿಗುಡುವ’ ಎಂಬ ಪದವೇ ಇಲ್ಲ. ಜನಜಂಗುಳಿಯನ್ನು ಲೆನ್ಸು ತೋರಿಸಲಿ. 24 ಮಿ.ಮೀ. ಲೆನ್ಸಿನಲ್ಲಿ ವಾಹನಗಳ ನಡುವಿನ ಅಂತರ ಹಿಗ್ಗಿ ಮಾರುಕಟ್ಟೆಯ ಬೀದಿಯೂ ಬಯಲಿನಂತೆ ಕಾಣುತ್ತದೆ. ದೂರದಿಂದ 85 ಮಿ.ಮೀ. ಲೆನ್ಸು ಹಾಕಿದರೆ ಆಟೋ, ಬಸ್ಸು, ಜನ ಒಬ್ಬರ ಮೇಲೊಬ್ಬರು ಬಿದ್ದಂತೆ ತೋರುತ್ತಾರೆ. ಆದರೆ ಆಗ ಹಿನ್ನೆಲೆ ಮಸುಕಾಗಿ ಮಾರುಕಟ್ಟೆಯ ಗುರುತೇ ಸಿಗದು. ಊರನ್ನು ತೋರಿಸಲು ಹಿಂದಿನ ಫ್ರೇಮನ್ನೇ ಅಗಲವಾಗಿ ಬರೆದಿರಬೇಕು.

ಇನ್ನು ದಿಕ್ಕು. ಬಲಮಗ್ಗುಲಿನಿಂದ ನೋಡಿದರೆ ಸ್ಕೂಟರ್ ಪರದೆಯ ಮೇಲೆ ಎಡದಿಂದ ಬಲಕ್ಕೆ ಹೋಗುತ್ತದೆ; ಫುಟ್‌ಪಾತಿನಿಂದ, ಅಂದರೆ ಎಡಮಗ್ಗುಲಿನಿಂದ ನೋಡಿದರೆ ಬಲದಿಂದ ಎಡಕ್ಕೆ. ಹಿಂದೊಮ್ಮೆ ಸ್ಟೋರಿಬೋರ್ಡಿನಲ್ಲಿ ಇದನ್ನು ಬರೆಯಲು ನಾನೇ ಮರೆತಿದ್ದೆ. ಸಂಕಲನದಲ್ಲಿ ಎರಡು ಮಗ್ಗುಲಿನಿಂದ ತೆಗೆದ ಎರಡು ದೃಶ್ಯಗಳನ್ನು ಜೋಡಿಸಿದಾಗ, ಹೊರಟ ಸವಾರ ಏನೋ ಮರೆತು ಮನೆಗೆ ವಾಪಸಾದಂತೆ ಕಂಡಿತು. ಒಂದು ದೃಶ್ಯವನ್ನು ಎಡಬಲ ತಿರುವಿಹಾಕೋಣ ಎಂದರು. ಹಾಕಿದೆವು: ಅಂಗಡಿಯ ಬೋರ್ಡಿನ ಕನ್ನಡ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಯಿತು, ಇಡೀ ಬೀದಿಯ ವಾಹನಗಳು ರಸ್ತೆಯ ಬಲಗಡೆ ಓಡತೊಡಗಿದವು. ಕೊನೆಗೆ ಎದುರಿನಿಂದ ನೇರವಾಗಿ ತೆಗೆದಿದ್ದ, ಎಡಬಲವೆಂಬ ದಿಕ್ಕೇ ಇಲ್ಲದ ಸ್ಕೂಟರಿನ ಒಂದು ತುಣುಕನ್ನು ನಡುವೆ ಸೇರಿಸಿ ಪಾರಾದೆವು. ಅಂದಿನಿಂದ ಪ್ರತಿ ಫ್ರೇಮಿನ ಕೆಳಗೂ ಒಂದು ಬಾಣದ ಗುರುತು ಹಾಕುತ್ತೇನೆ.