ಮಹಡಿ ಮೇಲೆ ನೆಟ್ ಸ್ಲೋ: ತೊಂದರೆ ಹೊರಗಿನ ಲೈನಿನದ್ದಾ, ಮನೆಯೊಳಗಿನ ವೈರಿನದ್ದಾ?

(ದೃಶ್ಯ: ಮಹಡಿ ಕೋಣೆ. ಕಂಪ್ಯೂಟರ್ ಪರದೆಯಲ್ಲಿ ಸ್ಪೀಡ್ ಟೆಸ್ಟ್ ಓಡಿ 93ಕ್ಕೆ ನಿಲ್ಲುತ್ತದೆ)

ನಮಸ್ಕಾರ. ಇದು ನಮ್ಮ ಮನೆಯ ಮಹಡಿ ಕೋಣೆ. ನನ್ನ ತಮ್ಮ ಇಲ್ಲಿ ಕೂತೇ ಆಫೀಸ್ ಕೆಲಸ ಮಾಡುತ್ತಾನೆ. ನಾವು ದುಡ್ಡು ಕಟ್ಟುತ್ತಿರುವುದು 300 ಎಂಬಿಪಿಎಸ್ ಪ್ಲಾನಿಗೆ. ಆದರೆ ಈ ಕಂಪ್ಯೂಟರಿನಲ್ಲಿ ಯಾವಾಗ ಸ್ಪೀಡ್ ಟೆಸ್ಟ್ ಹಾಕಿದರೂ 93, ಇಲ್ಲದಿದ್ದರೆ 94. ಬೆಳಿಗ್ಗೆಯೂ ಅಷ್ಟೇ, ರಾತ್ರಿ ಹತ್ತಕ್ಕೂ ಅಷ್ಟೇ.

ಎರಡು ಸಲ ಕಂಪ್ಲೇಂಟ್ ಕೊಟ್ಟೆವು. ಎರಡನೇ ಸಲ ಒಬ್ಬರು ಬಂದರು. ಕೆಳಗಡೆ ಹಾಲ್‌ನಲ್ಲಿರುವ ರೌಟರಿಗೆ ತಮ್ಮ ಲ್ಯಾಪ್‌ಟಾಪ್ ಸಿಕ್ಕಿಸಿ ಟೆಸ್ಟ್ ಹಾಕಿದರು. 300ರ ಹತ್ತಿರ ಬಂತು. "ನಮ್ಮ ಲೈನ್ ಸರಿಯಾಗಿದೆ ಸರ್" ಅಂದು ಹೊರಟರು. ನನ್ನ ತಮ್ಮ ಮಹಡಿ ಮೇಲಿನ ಪರದೆ ತೋರಿಸಿ "ಹಾಗಾದ್ರೆ ಇದೇನು?" ಅಂತ ನನ್ನನ್ನು ಕೇಳಿದ.

ಇಬ್ಬರೂ ಹೇಳಿದ್ದು ನಿಜವೇ. ಸ್ಪೀಡ್ ಟೆಸ್ಟ್ ಅಳೆಯುವುದು ಇಡೀ ದಾರಿಯನ್ನು. ಈ ಕಂಪ್ಯೂಟರಿನಿಂದ ಹೊರಟು, ಗೋಡೆಯೊಳಗಿನ ಕೇಬಲ್, ರೌಟರ್, ಹೊರಗಿನ ಫೈಬರ್, ಕಂಪನಿಯ ಜಾಲ, ಅದರಾಚೆ ಎಲ್ಲೋ ಇರುವ ಸರ್ವರ್. ಇದರಲ್ಲಿ ಯಾವ ತುಂಡು ಕಿರಿದೋ ಅದರ ವೇಗವೇ ಪರದೆ ಮೇಲೆ ಬರುತ್ತದೆ. ಆದರೆ ಕಿರಿದಾಗಿರುವುದು ಯಾವ ತುಂಡು ಅಂತ ಅದು ಹೇಳುವುದಿಲ್ಲ. ಅದಕ್ಕೇ ಮನೆಯೊಳಗಿನ ದಾರಿಯನ್ನು ಮಾತ್ರ ಬೇರೆ ಮಾಡಿ ಅಳೆಯಬೇಕು. ಆ ಕೆಲಸಕ್ಕೆ ಇರುವುದು ಐಪರ್ಫ್.

(ದೃಶ್ಯ: ಎರಡು ಕಂಪ್ಯೂಟರ್‌ಗಳ ಚಿತ್ರ, ನಡುವೆ ರೌಟರ್. ರೌಟರಿನಿಂದ ಹೊರಗೆ ಹೋಗುವ ಗೆರೆ ಮಸುಕಾಗಿದೆ)

ಐಪರ್ಫ್ ಒಂದು ಚಿಕ್ಕ ಪ್ರೋಗ್ರಾಂ. ಒಂದು ಮೆಷಿನ್ ಕೇಳಿಸಿಕೊಳ್ಳುತ್ತಾ ಕೂರುತ್ತದೆ, ಇನ್ನೊಂದು ಅದಕ್ಕೆ ಆದಷ್ಟು ಜೋರಾಗಿ ಡೇಟಾ ಸುರಿಯುತ್ತದೆ. ಡೇಟಾ ಒಂದರ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ಹೋಗುತ್ತದೆ, ಅಷ್ಟೇ. ಡಿಸ್ಕ್ ಮುಟ್ಟುವುದಿಲ್ಲ. ದೊಡ್ಡ ಫೈಲ್ ಕಾಪಿ ಮಾಡಿ ನೋಡಿದರೆ ಆಗಲ್ವಾ ಅಂತ ನೀವು ಕೇಳಬಹುದು. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಆಗ ನೀವು ಅಳೆದದ್ದು ಡಿಸ್ಕ್‌ನ ವೇಗವಾಗಿಬಿಡಬಹುದು. ಐಪರ್ಫ್‌ನಲ್ಲಿ ಆ ಗೊಂದಲ ಇಲ್ಲ.

ಉಬುಂಟು ಆದರೆ ಹೀಗೆ ಹಾಕಿಕೊಳ್ಳಿ:

```
sudo apt install iperf3
```

ವಿಂಡೋಸ್, ಮ್ಯಾಕ್‌ಗೂ ಸಿಗುತ್ತದೆ. ಒಂದು ಎಚ್ಚರ: ಎರಡೂ ಕಡೆ iperf3 ಇರಲಿ. ಒಂದು ಕಡೆ ಹಳೆಯ iperf, ಇನ್ನೊಂದು ಕಡೆ iperf3 ಇದ್ದರೆ ಅವೆರಡೂ ಮಾತಾಡುವುದಿಲ್ಲ.

(ದೃಶ್ಯ: ಹಾಲ್. ರೌಟರ್ ಪಕ್ಕದಲ್ಲಿ ಲ್ಯಾಪ್‌ಟಾಪ್, ಚಿಕ್ಕ ಕೇಬಲ್)

ಈಗ ಲ್ಯಾಪ್‌ಟಾಪನ್ನು ರೌಟರ್ ಪಕ್ಕ ಇಟ್ಟು ಚಿಕ್ಕ ಕೇಬಲ್‌ನಿಂದ ಸಿಕ್ಕಿಸಿದ್ದೇನೆ. ವೈ-ಫೈ ಆಫ್. ಇದರಲ್ಲಿ ಹೀಗೆ ಟೈಪ್ ಮಾಡಿ:

```
iperf3 -s
```

5201 ಪೋರ್ಟಿನಲ್ಲಿ ಕಾಯುತ್ತಿದ್ದೇನೆ ಅಂತ ತೋರಿಸುತ್ತದೆ. ವಿಂಡೋಸ್ ಆದರೆ ಫೈರ್‌ವಾಲ್ ಒಪ್ಪಿಗೆ ಕೇಳಬಹುದು, ಮನೆಯ ನೆಟ್‌ವರ್ಕಿಗೆ ಒಪ್ಪಿಗೆ ಕೊಡಿ. ಈ ಲ್ಯಾಪ್‌ಟಾಪಿನ ಐಪಿ ವಿಳಾಸ 192.168.1.5. ಇನ್ನು ಮೇಲೆ ಹೋಗೋಣ.

(ದೃಶ್ಯ: ಮಹಡಿ ಕೋಣೆ, ಟರ್ಮಿನಲ್)

```
iperf3 -c 192.168.1.5 -R
```

ಕೊನೆಯಲ್ಲಿರುವ `-R` ಗಮನಿಸಿ. ಅದನ್ನು ಬಿಟ್ಟರೆ ಡೇಟಾ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಅಂದರೆ ನಮ್ಮ ಲೆಕ್ಕದಲ್ಲಿ ಅಪ್‌ಲೋಡ್ ದಿಕ್ಕು. ನಮ್ಮ ತಕರಾರು ಇರುವುದು ಡೌನ್‌ಲೋಡ್ ಬಗ್ಗೆ, ರೌಟರ್ ಕಡೆಯಿಂದ ಈ ಕೋಣೆಗೆ ಬರುವ ದಿಕ್ಕಿನ ಬಗ್ಗೆ. `-R` ಹಾಕಿದರೆ ಡೇಟಾ ಆ ದಿಕ್ಕಿಗೆ ಹರಿಯುತ್ತದೆ. ತುಂಬಾ ಜನ ಇದನ್ನು ಮರೆತು ಉಲ್ಟಾ ದಿಕ್ಕನ್ನು ಅಳೆದು ಏನೂ ತೊಂದರೆ ಇಲ್ಲ ಅಂದುಕೊಳ್ಳುತ್ತಾರೆ.

ಹತ್ತು ಸೆಕೆಂಡ್ ಓಡುತ್ತದೆ. ಸೆಕೆಂಡಿಗೊಂದು ಸಾಲು, ಕೊನೆಗೆ ಒಟ್ಟು ಲೆಕ್ಕ:

```
0.00-10.04 sec  113 MBytes  94.4 Mbits/sec  0  sender
0.00-10.00 sec  112 MBytes  94.1 Mbits/sec     receiver
```

ನೋಡಬೇಕಾದ್ದು receiver ಸಾಲು, ಅಂದರೆ ನಿಜವಾಗಿ ತಲುಪಿದ್ದು. 94.1. ಈ ಡೇಟಾ ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ಈಗಲೇ ಬೇಕಾದರೆ ಫೈಬರ್ ಕಿತ್ತು ಹಾಕಿ ಟೆಸ್ಟ್ ಮಾಡಿದರೂ ಇದೇ ಸಂಖ್ಯೆ ಬರುತ್ತದೆ. ಹಾಗಾದರೆ 300 ಎಂಬಿಪಿಎಸ್ ಕೆಳಗಿನವರೆಗೆ ಬರುತ್ತಿದೆ, ಅಲ್ಲಿಂದ ಮೇಲಕ್ಕೆ ಹತ್ತುವಾಗ 94 ಆಗುತ್ತಿದೆ. ಕಂಪನಿಯವರದ್ದು ತಪ್ಪಿಲ್ಲ.

ಇನ್ನೊಂದು ಮಾತು. 94 ಅನ್ನುವ ಸಂಖ್ಯೆಯೇ ಒಂದು ಸುಳಿವು. ಈಥರ್ನೆಟ್ ಕೇಬಲ್ 10, 100, 1000 ಎಂಬಿಪಿಎಸ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಓಡುತ್ತದೆ. ಪ್ರತಿ ಪ್ಯಾಕೆಟ್ ತಂತಿಯ ಮೇಲೆ 1538 ಬೈಟ್‌ನಷ್ಟು ಜಾಗ ತಿನ್ನುತ್ತದೆ. ಅದರಲ್ಲಿ ನಮ್ಮ ಡೇಟಾ ಸಾಮಾನ್ಯವಾಗಿ 1448 ಬೈಟ್ ಮಾತ್ರ. ಉಳಿದದ್ದು ವಿಳಾಸ, ತಪಾಸಣೆ, ಪ್ಯಾಕೆಟ್‌ಗಳ ನಡುವಿನ ಬಿಡುವು. ಭಾಗಿಸಿ ನೋಡಿ: 100ಕ್ಕೆ ಸುಮಾರು 94, 1000ಕ್ಕೆ ಸುಮಾರು 941. ಐಪರ್ಫ್‌ನಲ್ಲಿ ಅಲುಗಾಡದ 94 ಬಂದರೆ, ದಾರಿಯಲ್ಲಿ ಯಾವುದೋ ಒಂದು ತುಂಡು 100ರಲ್ಲಿ ಓಡುತ್ತಿದೆ ಅಂತ ನಾನು ಬಹುತೇಕ ಕಣ್ಣು ಮುಚ್ಚಿ ಹೇಳುತ್ತೇನೆ.

(ದೃಶ್ಯ: ಟರ್ಮಿನಲ್‌ನಲ್ಲಿ ಒಂದು ಸಾಲು ದೊಡ್ಡದಾಗಿ)

ಆದರೂ ಖಾತ್ರಿ ಮಾಡಿಕೊಳ್ಳೋಣ. ಲಿನಕ್ಸ್‌ನಲ್ಲಿ ಹೀಗೆ ಕೇಳಿ. `enp3s0` ಅನ್ನುವುದು ನಮ್ಮ ನೆಟ್‌ವರ್ಕ್ ಕಾರ್ಡಿನ ಹೆಸರು, ನಿಮ್ಮದು ಬೇರೆ ಇರಬಹುದು.

```
sudo ethtool enp3s0 | grep Speed
        Speed: 100Mb/s
```

ಸಿಕ್ಕಿತು. ಕಾರ್ಡು ಗಿಗಾಬಿಟ್‌ನದ್ದು, ಅಂದರೆ 1000 ಎಂಬಿಪಿಎಸ್‌ನದ್ದು. ರೌಟರ್ ಪೋರ್ಟ್ ಕೂಡ ಗಿಗಾಬಿಟ್‌ನದ್ದು. ನಡುವೆ ಮಾತ್ರ 100. ಉಳಿದದ್ದು ಗೋಡೆಯೊಳಗಿನ ಕೇಬಲ್.

ಕೇಬಲ್ ಕೆಟ್ಟರೆ ನೆಟ್ ಪೂರ್ತಿ ಹೋಗಬೇಕಲ್ವಾ? ಇಲ್ಲ, ಇಲ್ಲೇ ಎಲ್ಲರೂ ಮೋಸ ಹೋಗುವುದು. ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್‌ಗೆ ಎಂಟೂ ಬೇಕು. 100 ಎಂಬಿಪಿಎಸ್‌ಗೆ 1, 2, 3, 6ನೇ ತಂತಿಗಳು ಸಾಕು. ಉಳಿದ ನಾಲ್ಕರಲ್ಲಿ ಒಂದು ತುಂಡಾದರೂ ಹೆಚ್ಚಿನ ಕಾರ್ಡುಗಳು ಗಿಗಾಬಿಟ್‌ಗೆ ಒಂದಷ್ಟು ಸಲ ಪ್ರಯತ್ನಿಸಿ, ಆಗದೆ, ಸುಮ್ನೆ 100ಕ್ಕೆ ಇಳಿದುಬಿಡುತ್ತವೆ. ನಮಗೆ ಒಂದು ಮಾತೂ ಹೇಳುವುದಿಲ್ಲ. ನೆಟ್ ಚೆನ್ನಾಗಿಯೇ ಓಡುತ್ತಿರುತ್ತದೆ.

(ದೃಶ್ಯ: ಕೇಬಲ್ ಟೆಸ್ಟರ್. ದೀಪಗಳು ಒಂದೊಂದಾಗಿ ಹೊತ್ತುತ್ತವೆ, 7ನೆಯದು ಹೊತ್ತುವುದಿಲ್ಲ)

ಟೆಸ್ಟರ್ ಹಾಕಿದೆವು. 7ನೇ ದೀಪ ಹೊತ್ತಲಿಲ್ಲ. ಕಂದು ಜೋಡಿಯ ಒಂದು ತಂತಿ ಪ್ಲಗ್ ಒಳಗೆ ಪಿನ್ನಿನವರೆಗೆ ತಲುಪೇ ಇರಲಿಲ್ಲ. ಗೋಡೆ ಒಡೆಯುವುದು ತಪ್ಪಿತು. ಮೇಲಿನ ತುದಿ ಕತ್ತರಿಸಿ, ಇನ್ನೊಂದು ತುದಿಯಲ್ಲಿರುವ ಬಣ್ಣಗಳ ಕ್ರಮವನ್ನೇ ನೋಡಿ, ಹೊಸ ಪ್ಲಗ್ ಕ್ರಿಂಪ್ ಮಾಡಿದೆವು. ಮತ್ತೆ ಅದೇ ಟೆಸ್ಟ್:

```
0.00-10.00 sec  1.10 GBytes  941 Mbits/sec  receiver
```

ಸ್ಪೀಡ್ ಟೆಸ್ಟ್ ಕೂಡ ಈಗ ಮೇಲಿನ ಕೋಣೆಯಲ್ಲಿ 300ರ ಹತ್ತಿರ.

ಈಗ ನೀವು ಮಾಡುವಾಗ ಎಡವುವ ಜಾಗಗಳು. ನಾನೇ ಒಂದು ಕಡೆ ಎಡವಿದ್ದೇನೆ. ಮೊದಲ ಸಲ ಕೆಳಗೆ ಲ್ಯಾಪ್‌ಟಾಪ್ ಬದಲು ಹಳೆಯ ರಾಸ್ಪ್‌ಬೆರಿ ಪೈ 3 ಇಟ್ಟಿದ್ದೆ. ಅದರ ಈಥರ್ನೆಟ್ ಪೋರ್ಟೇ 100 ಎಂಬಿಪಿಎಸ್‌ನದ್ದು! ಕೇಬಲ್ ಎಷ್ಟೇ ಚೆನ್ನಾಗಿದ್ದರೂ ಅದು 94ಕ್ಕಿಂತ ಮೇಲೆ ತೋರಿಸುತ್ತಲೇ ಇರಲಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಹಳೆಯ ಈಥರ್ನೆಟ್ ಅಡಾಪ್ಟರ್‌ಗಳಲ್ಲೂ ಇದೇ ಕಥೆ. ಅದಕ್ಕೇ ಮೊದಲು ಎರಡೂ ಮೆಷಿನ್ ಒಂದೇ ಕಡೆ ಇಟ್ಟು, ಚೆನ್ನಾಗಿದೆ ಅಂತ ಗೊತ್ತಿರುವ ಚಿಕ್ಕ ಕೇಬಲ್‌ಗಳಿಂದ ರೌಟರಿಗೆ ಸಿಕ್ಕಿಸಿ ಒಂದು ಸಲ ಅಳೆಯಿರಿ. ಅಲ್ಲಿ 941 ಬಂದರೆ ಅಳತೆಗೋಲು ಸರಿಯಿದೆ. ಆಮೇಲೆ ಒಂದನ್ನು ಎತ್ತಿಕೊಂಡು ಮೇಲೆ ಹೋಗಿ. ವ್ಯತ್ಯಾಸ ಬಂದರೆ ಅದು ದಾರಿಯದ್ದು.

(ದೃಶ್ಯ: ಎರಡು ಲ್ಯಾಪ್‌ಟಾಪ್, ಎರಡೂ ವೈ-ಫೈನಲ್ಲಿ. ರೌಟರಿಗೆ ಎರಡು ಬಾಣ)

ವೈ-ಫೈ ಅಳೆಯುವವರು ಇನ್ನೊಂದು ತಪ್ಪು ಮಾಡುತ್ತಾರೆ. ಎರಡೂ ಮೆಷಿನ್ ಒಂದೇ ವೈ-ಫೈನಲ್ಲಿ ಇಡುತ್ತಾರೆ. ಆಗ ಪ್ರತಿ ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಹೋಗಬೇಕು, ಮೊದಲು ಒಂದರಿಂದ ರೌಟರಿಗೆ, ಆಮೇಲೆ ರೌಟರಿನಿಂದ ಇನ್ನೊಂದಕ್ಕೆ. ಒಂದೇ ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಹಾಗಾಗಿ ಬರುವುದು ಹೆಚ್ಚುಕಡಿಮೆ ಅರ್ಧ. ಒಂದು ಮೆಷಿನ್ ಯಾವಾಗಲೂ ಕೇಬಲ್‌ನಲ್ಲಿರಲಿ. ಟೆಸ್ಟನ್ನೂ ಸ್ವಲ್ಪ ಜಾಸ್ತಿ ಹೊತ್ತು ಓಡಿಸಿ:

```
iperf3 -c 192.168.1.5 -R -t 30
```

ಇಲ್ಲಿ ಕೊನೆಯ ಸಾಲಿಗಿಂತ ಸೆಕೆಂಡಿನ ಸಾಲುಗಳೇ ಮುಖ್ಯ. ಕೇಬಲ್‌ನಲ್ಲಿ ಎಲ್ಲ ಸಾಲೂ ಒಂದೇ ತರ ಇರುತ್ತವೆ. ವೈ-ಫೈನಲ್ಲಿ 180, 160, 20, 0, 150 ಅಂತ ಕುಣಿಯುತ್ತಿದ್ದರೆ ವಿಡಿಯೋ ಕಾಲ್ ಒಡೆಯುವುದು ಆ 0 ಬಂದ ಸೆಕೆಂಡಿನಲ್ಲಿ. ಸರಾಸರಿ 100 ಇದೆ ಅನ್ನುವುದರಿಂದ ಕಾಲ್ ಉಳಿಯುವುದಿಲ್ಲ.

ಕನೆಕ್ಟ್ ಆಗಲೇ ಇಲ್ಲ ಅಂದರೆ ಸಂದೇಶ ಓದಿ. `Connection refused` ಅಂದರೆ ಸಾಮಾನ್ಯವಾಗಿ ಆ ಕಡೆ `iperf3 -s` ಓಡುತ್ತಿಲ್ಲ. ಏನೂ ಹೇಳದೆ ತುಂಬಾ ಹೊತ್ತು ನಿಂತರೆ ಹೆಚ್ಚಾಗಿ ಫೈರ್‌ವಾಲ್, ಇಲ್ಲವೇ ಒಂದು ಮೆಷಿನ್ ಗೆಸ್ಟ್ ವೈ-ಫೈನಲ್ಲಿದೆ.

(ದೃಶ್ಯ: ರೌಟರಿನ ಹಿಂಭಾಗ. ಬೇರೆ ಬಣ್ಣದ ವ್ಯಾನ್ ಪೋರ್ಟ್‌ಗೆ ಕ್ಯಾಮೆರಾ ಹತ್ತಿರ)

ಕೊನೆಯದಾಗಿ ಇದರ ಉಲ್ಟಾ ಪರಿಸ್ಥಿತಿ. ಐಪರ್ಫ್ 941 ತೋರಿಸುತ್ತದೆ, ಸ್ಪೀಡ್ ಟೆಸ್ಟ್ ಮಾತ್ರ 94. ಆಗ ತಕ್ಷಣ ಕಂಪನಿಗೆ ಫೋನ್ ಮಾಡಬೇಡಿ. ನಾವು ಅಳೆದದ್ದು ರೌಟರಿನ ಎರಡು ಲ್ಯಾನ್ ಪೋರ್ಟ್‌ಗಳ ನಡುವಿನ ದಾರಿ. ಅದು ಹೊರಗಿನ ಲೈನ್ ಬರುವ ವ್ಯಾನ್ ಪೋರ್ಟನ್ನು ಮುಟ್ಟಿಯೇ ಇಲ್ಲ. ಫೈಬರ್ ಡಬ್ಬ ಬೇರೆ, ರೌಟರ್ ಬೇರೆ ಇರುವ ಮನೆಗಳಲ್ಲಿ ಅವೆರಡರ ನಡುವೆ ಒಂದು ಗೇಣುದ್ದದ ಕೇಬಲ್ ಇರುತ್ತದೆ. ಅದರಲ್ಲಿ ಒಂದು ತಂತಿ ಬಿಟ್ಟುಹೋಗಿದ್ದರೂ ಇದೇ 94. ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಪೋರ್ಟಿನ ವೇಗ ತೋರಿಸಿದರೆ ನೋಡಿ. 100 ಅಂತ ಇದ್ದರೆ ಮೊದಲು ಆ ಚಿಕ್ಕ ಕೇಬಲ್ ಬದಲಾಯಿಸಿ. ಆಗಲೂ 100 ಇದ್ದರೆ ರೌಟರಿನ ಆ ಪೋರ್ಟೋ, ಫೈಬರ್ ಡಬ್ಬದ ಪೋರ್ಟೋ 100ರದ್ದೇ ಇರಬಹುದು. ಎರಡರ ಮಾಡೆಲ್ ನಂಬರ್ ನೋಡಿದರೆ ಗೊತ್ತಾಗುತ್ತದೆ. ಎರಡೂ 1000 ಅಂತಿದ್ದು, ಪೋರ್ಟಿನಲ್ಲೂ 1000 ತೋರಿಸಿ, ಸ್ಪೀಡ್ ಟೆಸ್ಟ್ ಮಾತ್ರ ಮೇಲೇಳದಿದ್ದರೆ, ಆಗ ಫೋನ್ ಮಾಡಿ. ಕೇಬಲ್ ಸಿಕ್ಕಿಸಿ ಅಳೆದ ಎರಡೂ ಸಂಖ್ಯೆ ಕೈಯಲ್ಲಿಟ್ಟುಕೊಂಡೇ ಮಾತಾಡಿ.