ಹಬ್ಬದ ವಾರದಲ್ಲಿ ಖಾಲಿ ಆಗುವ ಊರಿಗೆ ಹೋಗಿ

ದೀಪಾವಳಿ ರಜೆ ಬಂತು ಅಂದ್ರೆ ನಮ್ಮ ಬೆಳಗಾವಿಯಲ್ಲಿ ಒಂದೇ ಮಾತು, ಗೋವಾ. ಗೋವಾ ಬೇಡ ಅಂದವರು ದಾಂಡೇಲಿ, ಅದೂ ಬೇಡ ಅಂದವರು ಹಂಪಿ. ಎಲ್ಲರಿಗೂ ರಜೆ ಸಿಗೋದು ಅದೇ ನಾಲ್ಕು ದಿನ, ಎಲ್ಲರೂ ಹೊರಡೋದು ಅದೇ ಮೂರು ಕಡೆಗೆ. ನಾವೂ ಹಿಂದೊಮ್ಮೆ ಹಾಗೇ ಮಾಡಿದ್ವಿ. ಬೇರೆ ದಿನ ಎರಡು ಸಾವಿರಕ್ಕೆ ಸಿಗೋ ರೂಮಿಗೆ ಆರೂವರೆ ಸಾವಿರ ಕೊಟ್ಟು, ಚೋರ್ಲಾ ಘಾಟಿನಲ್ಲಿ ಗಾಡಿಗಳ ಸಾಲಿನಲ್ಲಿ ನಿಂತು, ಅಲ್ಲಿ ಮುಟ್ಟೋ ಹೊತ್ತಿಗೆ ಮಕ್ಕಳು ಅತ್ತು ಮಲಗಿದ್ರು. ಆವತ್ತಿನಿಂದ ನಾನು ಈ ವಿಷಯದ ಬಗ್ಗೆ ಬೇರೆ ಥರ ಯೋಚನೆ ಮಾಡ್ತಾ ಬಂದಿದ್ದೀನಿ, ಇವತ್ತು ಅದನ್ನೇ ಹೇಳ್ತೀನಿ.

ನನ್ನ ಮಾತು ಇಷ್ಟೇ. ನೋಡೋ ಜಾಗ ಹುಡುಕಬೇಡಿ, ಮಲಗೋ ಜಾಗ ಹುಡುಕಿ. ಖರ್ಚು ಏರೋದು ರೂಮಿನಿಂದ. ಬಾದಾಮಿ ಗುಹೆಯ ಟಿಕೆಟ್ ಹಬ್ಬದ ದಿನವೂ 25 ರೂಪಾಯಿ, ಪಟ್ಟದಕಲ್ಲಿನದು 40, ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ದುಡ್ಡೇ ಇಲ್ಲ. ಆದರೆ ಬಾದಾಮಿ ಸಣ್ಣ ಊರು. ಇರೋ ಲಾಡ್ಜ್‌ಗಳು ಪ್ರವಾಸಿಗರನ್ನೇ ನಂಬಿಕೊಂಡಿವೆ, ಹಬ್ಬದಲ್ಲಿ ರೂಮ್ ತುಂಬುತ್ತೆ, ರೇಟೂ ಏರುತ್ತೆ.

ಈಗ ಬಾಗಲಕೋಟೆ ನೋಡಿ. ಅದು ಜಿಲ್ಲಾ ಕೇಂದ್ರ. ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಊರಿನ ಭಾಗ ಮುಳುಗಿದ್ದಕ್ಕೆ ಕಟ್ಟಿದ ನವನಗರ ಅಲ್ಲಿದೆ. ಅಲ್ಲಿನ ಲಾಡ್ಜ್‌ಗಳಿಗೆ ವರ್ಷವಿಡೀ ಬರೋರು ಯಾರು? ಔಷಧ ಕಂಪನಿಯ ರೆಪ್‌ಗಳು, ಬೀಜ-ಗೊಬ್ಬರದ ಏಜೆಂಟರು, ಬ್ಯಾಂಕಿನ ಆಡಿಟ್‌ನವರು, ಕೋರ್ಟ್ ಕೆಲಸಕ್ಕೆ ಬಂದವರು. ಹಬ್ಬದ ವಾರ ಅವರೆಲ್ಲ ತಮ್ಮ ತಮ್ಮ ಊರಿಗೆ ಹೋಗ್ತಾರೆ. ಅಂದ್ರೆ ಬಾದಾಮಿಯಲ್ಲಿ ರೂಮ್ ತುಂಬೋ ಅದೇ ದಿನಗಳಲ್ಲಿ 40 ಕಿಲೋಮೀಟರ್ ಆಸುಪಾಸಿನ ಬಾಗಲಕೋಟೆಯಲ್ಲಿ ರೂಮ್ ಖಾಲಿ ಆಗ್ತವೆ!

ಇದು ನಿಜವೋ ಅಲ್ವೋ ಅಂತ ತಿಳಿಯೋಕೆ ನಾನು ಎರಡು ಫೋನ್ ಮಾಡ್ತೀನಿ. ಮೊದಲು ಒಂದು ಮಾಮೂಲಿ ಮಂಗಳವಾರದ ರೇಟ್ ಕೇಳ್ತೀನಿ. ಒಂದು ದಿನ ಬಿಟ್ಟು ಹಬ್ಬದ ದಿನದ್ದು ಕೇಳ್ತೀನಿ. ಎರಡೂ ಒಂದೇ ಇದ್ರೆ ಅಲ್ಲಿಗೆ ಜನ ಕೆಲಸಕ್ಕೆ ಬರ್ತಾರೆ, ಹಬ್ಬದ ದಿನದ ರೇಟ್ ಜಾಸ್ತಿ ಇದ್ರೆ ಸುತ್ತಾಡೋಕೆ ಬರ್ತಾರೆ ಅಂತ ಅರ್ಥ. ಹೋದ ದೀಪಾವಳಿಗೆ ಹಾಗೆ ಕೇಳಿದಾಗ ಮ್ಯಾನೇಜರ್ ಅಂದ ಮಾತು ಇನ್ನೂ ನೆನಪಿದೆ. "ಹಬ್ಬದಾಗ ನಮ್ಮ ಕಡೆ ಯಾರ ಬರ್ತಾರ್ರೀ ಸರ? ಕಂಪನಿ ಮಂದಿ ಎಲ್ಲಾ ಊರಿಗೆ ಹೋಗಿರ್ತಾರ. ನೀವ ಬರ್ರಿ, ಎರಡ ರೂಮ್ ಬಾಜೂಕ ಬಾಜೂಕ ಕೊಡ್ತೀನಿ." ರೇಟ್ ಮಂಗಳವಾರದ್ದೇ ಇತ್ತು. ಅವ್ವ, ಅಪ್ಪ, ನಾವಿಬ್ಬರು, ಇಬ್ಬರು ಮಕ್ಕಳು, ಆರು ಜನಕ್ಕೆ ಮೂರು ರಾತ್ರಿ.

ಯರಗಟ್ಟಿ, ಲೋಕಾಪುರ ದಾರಿಯಲ್ಲಿ ಬಾಗಲಕೋಟೆಗೆ ಹೋದ್ವಿ. ಮಾರನೇ ದಿನ ಪಟ್ಟದಕಲ್ಲು, ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ. ಇದಕ್ಕೆ ಕಾರಣ ಇದೆ. ವಿರೂಪಾಕ್ಷ ಗುಡಿಯ ಮುಖ ಪೂರ್ವಕ್ಕೆ, ಮಲಪ್ರಭೆಯ ಕಡೆಗೆ. ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತೆ, ಜನರೂ ಆಗ ಕಡಿಮೆ. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು, ಇವತ್ತಿಗೂ ಪೂಜೆ ನಡೆಯುತ್ತೆ. ಅವ್ವ ಅಲ್ಲೇ ಕಟ್ಟೆ ಮೇಲೆ ಒಂದು ತಾಸು ಕೂತಿದ್ಲು, ಯಾರೂ ಏಳು ಅನ್ನಲಿಲ್ಲ. ಗೋವಾದಲ್ಲಿ ಆಕೆಗೆ ಕೂರೋಕೆ ಒಂದು ನೆರಳು ಹುಡುಕಿ ಸಾಕಾಗಿತ್ತು ನನಗೆ.

ಬಾದಾಮಿಯನ್ನು ನಾನು ಸಂಜೆಗೆ ಇಟ್ಟುಕೊಳ್ತೀನಿ. ಹೊರಗಿನ ಊರಿಂದ ಬಂದವರು ಹತ್ತರಿಂದ ಮೂರರ ಒಳಗೆ ಗುಹೆ ನೋಡಿ ಬಸ್ ಹತ್ತುತ್ತಾರೆ. ಅವರು ಇಳಿಯೋ ಹೊತ್ತಿಗೆ ನೀವು ಹತ್ತಿ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಮಂಗಳೇಶ ಬರೆಸಿದ್ದು, ಅದರ ಮುಂದೆ ನಿಂತು ಮಕ್ಕಳಿಗೆ ತೋರಿಸೋಕೆ ಪುರುಸೊತ್ತು ಬೇಕಲ್ವಾ? ಕೈಯಲ್ಲಿ ತಿಂಡಿ ಪೊಟ್ಟಣ ಮಾತ್ರ ಬೇಡ, ಮಂಗಗಳು ಬಿಡಲ್ಲ. ಆಮೇಲೆ ಇಳಿದು ಅಗಸ್ತ್ಯ ಹೊಂಡದ ಪೂರ್ವ ದಡದ ಭೂತನಾಥ ಗುಡಿಗೆ ನಡೆದು ಹೋಗಿ. ಸಂಜೆ ಬಿಸಿಲು ಅಲ್ಲಿಗೆ ನೇರ ಬೀಳುತ್ತೆ, ಹಿಂದಿನ ಕಲ್ಲುಗುಡ್ಡ ಕೆಂಪಗಾಗುತ್ತೆ.

ಈಗ ನಾನು ಎಲ್ಲಿ ತಪ್ಪಿದೆ ಅನ್ನೋದನ್ನೂ ಹೇಳ್ತೀನಿ, ನಿಮಗೆ ಉಪಯೋಗ ಆಗೋದು ಅದೇ. ಊರು ಖಾಲಿ ಆಗುತ್ತೆ ಅಂದ್ರೆ ಅಡುಗೆಯವರೂ ಊರಿಗೆ ಹೋಗ್ತಾರೆ. ಪಾಡ್ಯದ ದಿನ ಐಹೊಳೆಯಲ್ಲಿ ದುರ್ಗ ಗುಡಿ ನೋಡಿಕೊಂಡು (ಅದು ದೇವಿ ದುರ್ಗೆಯ ಹೆಸರಲ್ಲ, ಕೋಟೆ ಅನ್ನೋ ಅರ್ಥದ ದುರ್ಗ) ಮಧ್ಯಾಹ್ನ ಹೊರಗೆ ಬಂದ್ರೆ ಒಂದು ಖಾನಾವಳಿಯೂ ತೆಗೆದಿರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಬೇಕು. ಅಮೀನಗಡದವರೆಗೆ ಹೋಗಿ ಬಾಳೆಹಣ್ಣು, ಬಿಸ್ಕತ್ತು ತಗೊಂಡ್ವಿ, ಮಕ್ಕಳು ಕರದಂಟು ತಿಂದು ಹೊಟ್ಟೆ ತುಂಬಿಸಿಕೊಂಡ್ರು. ಅಪ್ಪ ಸುಮ್ನೆ ಕಿಟಕಿ ಕಡೆ ನೋಡ್ತಾ ಕೂತಿದ್ರು. ನನಗೆ ಆ ದಿನ ನಿಜವಾಗಿ ಬೇಜಾರಾಯ್ತು. ಅದಕ್ಕೇ ಈಗ ಅಮಾವಾಸ್ಯೆ, ಪಾಡ್ಯ ಎರಡು ದಿನದ ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗ್ತೀವಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಕ್ಕಳಿಗೆ ಶೇಂಗಾ ಹೋಳಿಗೆ. ಇವು ಕೆಡಲ್ಲ. ಮೊಸರು ಮಾತ್ರ ಅಲ್ಲೇ ತಗೋಬೇಕು, ಅದನ್ನು ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳಿ.

ಈ ಲೆಕ್ಕ ಎಲ್ಲಾ ಹಬ್ಬಕ್ಕೂ ನಡೆಯಲ್ಲ. ನವರಾತ್ರಿಯಲ್ಲಿ ಬಾದಾಮಿ ಪಕ್ಕದ ಬನಶಂಕರಿಗೆ ಜನ ಸೇರ್ತಾರೆ, ಆಗ ಬಾಗಲಕೋಟೆಯಲ್ಲಿ ರೂಮ್ ಸಿಕ್ಕರೂ ಬಾದಾಮಿ ದಾರಿ ಖಾಲಿ ಇರಲ್ಲ. ದೀಪಾವಳಿಯಲ್ಲೂ ಒಂದು ಗಡಿ ಇದೆ. ಅದು ತುಳಸಿ ಲಗ್ನ. ತುಳಸಿ ಲಗ್ನ ಆಯ್ತು ಅಂದ್ರೆ ನಮ್ಮ ಕಡೆ ಮದುವೆ ಶುರು, ಬೀಗರಿಗೆ ಅಂತ ಲಾಡ್ಜಿನ ಹತ್ತು-ಹನ್ನೆರಡು ರೂಮ್ ಒಟ್ಟಿಗೇ ಹಿಡಿದುಬಿಡ್ತಾರೆ. ರಜೆ ಉಳಿಸಿಕೊಂಡು ಮುಂದಿನ ವಾರ ಹೋಗೋಣ ಅನ್ನೋರು ಇಲ್ಲೇ ಸಿಕ್ಕಿಬೀಳ್ತಾರೆ. ಪಾಡ್ಯದ ಆಸುಪಾಸಿನ ನಾಲ್ಕೈದು ದಿನವೇ ಸರಿ. ಶುಕ್ರವಾರ ಬಂದ್ರೆ ಆ ದಿನ ಬಾದಾಮಿ, ಐಹೊಳೆಯ ಮ್ಯೂಸಿಯಂ ಇಟ್ಟುಕೊಳ್ಳಬೇಡಿ, ಮುಚ್ಚಿರ್ತವೆ. ಆ ದಿನ ಕೂಡಲಸಂಗಮಕ್ಕೆ ಹೋಗಿ, ಕೃಷ್ಣೆ ಮಲಪ್ರಭೆ ಕೂಡೋ ಜಾಗದಲ್ಲಿ ಮಳೆಗಾಲ ಮುಗಿದ ಮೇಲೆ ನೀರು ತುಂಬಿರುತ್ತೆ, ಬಸವಣ್ಣನವರ ಐಕ್ಯಮಂಟಪಕ್ಕೆ ಮೆಟ್ಟಿಲು ಇಳಿದು ಹೋಗಬೇಕು, ಮಂಡಿ ನೋವಿರೋ ಹಿರಿಯರನ್ನು ನಿಧಾನಕ್ಕೆ ಕೈ ಹಿಡಿದು ಇಳಿಸಿ.

ಈ ವರ್ಷ ಅದೇ ಮ್ಯಾನೇಜರಿಗೆ ಮೊನ್ನೆ ಫೋನ್ ಮಾಡಿದೆ. ಅವ್ವನಿಗೆ ಮತ್ತೆ ಪಟ್ಟದಕಲ್ಲಿನ ಆ ಕಟ್ಟೆ ಮೇಲೆ ಕೂರಬೇಕಂತೆ. ಅಪ್ಪ ಒಂದೇ ಮಾತು ಕೇಳಿದ್ರು, "ರೊಟ್ಟಿ ಎಷ್ಟ ಕಟ್ಟಿಸ್ತೀ?"