ಖಾಲಿ ನಿಯಮ ಮೊದಲು, ಒಂಟಿ ನಿಯಮ ಆಮೇಲೆ

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ಒಂದು ಪುಟ್ಟ ವ್ಯಾಕರಣ ಬರೆದುಬಿಡುತ್ತೇನೆ. ಇವತ್ತಿನ ಮಾತು ಹೆಚ್ಚುಕಡಿಮೆ ಪೂರ್ತಿ ಇದರ ಸುತ್ತಲೇ ಇರುತ್ತದೆ.

```
S → T A
T → S A | b
A → a | ε
```

ಇದು ಕಾಂಟೆಕ್ಸ್ಟ್-ಫ್ರೀ ವ್ಯಾಕರಣ. ದೊಡ್ಡಕ್ಷರಗಳು ವೇರಿಯಬಲ್‌ಗಳು, ಸಣ್ಣಕ್ಷರಗಳು ಟರ್ಮಿನಲ್‌ಗಳು, ε ಅಂದರೆ ಏನೂ ಇಲ್ಲದ ಸ್ಟ್ರಿಂಗ್. ಇದರಿಂದ ಹುಟ್ಟುವ ಸ್ಟ್ರಿಂಗ್‌ಗಳು ಯಾವುವು ಅಂತ ನೋಡಿದರೆ ತೀರಾ ಸರಳ: ಒಂದು b, ಅದರ ಹಿಂದೆ ಎಷ್ಟು ಬೇಕಾದರೂ a. b, ba, baa, ಹೀಗೆ.

ಈಗ ಬರೀ b ಅನ್ನು ಹುಟ್ಟಿಸೋಣ. S ಹೋಗಿ TA ಆಯಿತು. T ಜಾಗದಲ್ಲಿ b ಇಟ್ಟೆವು, A ಮಾಯವಾಯಿತು. ಮೂರು ಹೆಜ್ಜೆಯಲ್ಲಿ ಮುಗಿಯಿತು. ಆದರೆ ಬೇರೆ ದಾರಿಯೂ ಇದೆ. S ಇಂದ TA, ಅದರಿಂದ SAA, ಅದರಿಂದ TAAA, ಅದರಿಂದ SAAAA. ಎಷ್ಟು ದೂರ ಹೋದರೂ ಕೊನೆಗೆ ಎಲ್ಲ A ಗಳನ್ನೂ ಅಳಿಸಿಬಿಟ್ಟರೆ ಮತ್ತೆ ಅದೇ b. ಒಂದೇ ಅಕ್ಷರದ ಸ್ಟ್ರಿಂಗ್‌ಗೆ ಲೆಕ್ಕವಿಲ್ಲದಷ್ಟು ಪಾರ್ಸ್ ಟ್ರೀಗಳು, ಅಂದರೆ ಅದು ಹೇಗೆ ಹುಟ್ಟಿತು ಅಂತ ತೋರಿಸುವ ಮರಗಳು! "ಈ ಸ್ಟ್ರಿಂಗ್ ಈ ವ್ಯಾಕರಣದಿಂದ ಬರುತ್ತದಾ?" ಅಂತ ಹುಡುಕಲು ಹೊರಟ ಪ್ರೋಗ್ರಾಂ ಎಲ್ಲಿ ನಿಲ್ಲಬೇಕು? ಉದ್ದ ನೋಡಿ ನಿಲ್ಲಿಸೋಣ ಅಂದರೆ ಆಗಲ್ಲ, ಯಾಕೆಂದರೆ ಬೆಳೆದದ್ದು ಮತ್ತೆ ಕುಗ್ಗಬಹುದು.

ತೊಂದರೆ ಕೊಡುವವು ಎರಡೇ ಬಗೆಯ ನಿಯಮಗಳು. `A → ε` ಥರದ್ದು ಖಾಲಿ ನಿಯಮ, ಅದು ಸಾಲನ್ನು ಕುಗ್ಗಿಸುತ್ತದೆ. `X → Y` ಥರದ್ದು, ಅಂದರೆ ಬಲಗಡೆ ಒಂದೇ ಒಂದು ವೇರಿಯಬಲ್ ಇರುವಂಥದ್ದು, ಯೂನಿಟ್ ನಿಯಮ. ನಾನು ಅದನ್ನು ಒಂಟಿ ನಿಯಮ ಅನ್ನುತ್ತೇನೆ. ಅದು ಸಾಲನ್ನು ಕುಗ್ಗಿಸಲ್ಲ, ಬೆಳೆಸಲ್ಲ, ಸುಮ್ನೆ ಹೆಸರು ಬದಲಿಸುತ್ತದೆ. ಇವೆರಡೂ ಇಲ್ಲದಿದ್ದರೆ ಪ್ರತಿ ಹೆಜ್ಜೆಯಲ್ಲೂ ಒಂದೋ ಸಾಲು ಉದ್ದವಾಗುತ್ತದೆ, ಇಲ್ಲವೇ ಟರ್ಮಿನಲ್‌ಗಳು ಹೆಚ್ಚಾಗುತ್ತವೆ. ಹಾಗಾಗಿ n ಅಕ್ಷರದ ಸ್ಟ್ರಿಂಗ್‌ಗೆ 2n−1 ಹೆಜ್ಜೆಗಿಂತ ಜಾಸ್ತಿ ಹಿಡಿಯೋದೇ ಸಾಧ್ಯವಿಲ್ಲ. ಉದ್ದ 1 ರಿಂದ n ಆಗಲು ಹೆಚ್ಚೆಂದರೆ n−1 ಹೆಜ್ಜೆ, ಟರ್ಮಿನಲ್‌ಗಳು 0 ಯಿಂದ n ಆಗಲು ಹೆಚ್ಚೆಂದರೆ n. ಕೂಡಿಸಿದರೆ ಆಯಿತು, ಅಷ್ಟೇ. ಚೋಮ್ಸ್ಕಿ ನಾರ್ಮಲ್ ಫಾರ್ಮ್‌ನಲ್ಲಿ ಪ್ರತಿ ನಿಯಮದ ಬಲಗಡೆಯೂ ಎರಡು ವೇರಿಯಬಲ್ ಇಲ್ಲವೇ ಒಂದು ಟರ್ಮಿನಲ್ ಇರುತ್ತದೆ. ಅದಕ್ಕೇ ಅಲ್ಲಿ ಈ 2n−1 ಅನ್ನೋದು ಮೇಲ್ಮಿತಿಯಷ್ಟೇ ಅಲ್ಲ, ಖಚಿತ ಲೆಕ್ಕ.

ಹಾಗಾಗಿ ಭಾಷೆ ಬದಲಾಗದಂತೆ ಈ ಎರಡು ಬಗೆಯ ನಿಯಮಗಳನ್ನೂ ತೆಗೆದು, ವ್ಯಾಕರಣವನ್ನು ಈ ಆಕಾರಕ್ಕೆ ತರುವುದೇ ಇವತ್ತಿನ ಕೆಲಸ. ಮೊದಲು ಖಾಲಿ ನಿಯಮ. ಇಲ್ಲಿ ಬಹಳ ಜನ ಮಾಡುವುದು ಏನೆಂದರೆ, ಒಂದು ಖಾಲಿ ನಿಯಮ ಕಂಡ ಕೂಡಲೇ ಅಳಿಸಿ, ಅದರ ಪರಿಣಾಮವನ್ನು ಬೇರೆ ನಿಯಮಗಳಿಗೆ ಸೇರಿಸಿ, ಮುಂದಿನದಕ್ಕೆ ಹೋಗುವುದು. ನಾನೂ ಮೊದಲ ಸಲ ಪ್ರೋಗ್ರಾಂ ಬರೆದಾಗ ಹಾಗೇ ಮಾಡಿದ್ದೆ. ಒಂದು ವ್ಯಾಕರಣ ಕೊಟ್ಟಾಗ ಅದು ನಿಲ್ಲಲೇ ಇಲ್ಲ. ಅದರಲ್ಲಿ ಇಂಥ ಎರಡು ಸಾಲಿದ್ದವು:

```
B → C | ε
C → B
```

`B → ε` ಅಳಿಸಿದೆ. B ಖಾಲಿಯಾಗಬಹುದಾದ್ದರಿಂದ `C → ε` ಹುಟ್ಟಿತು. ಅದನ್ನು ಅಳಿಸಿದೆ. C ಖಾಲಿಯಾಗಬಹುದು, ಹಾಗಾಗಿ `B → ε` ಮತ್ತೆ ಹಾಜರ್. ಅಳಿಸಿದ್ದನ್ನು ನೆನಪಿಟ್ಟುಕೊಂಡು ಮತ್ತೆ ಸೇರಿಸದಿದ್ದರೆ ಇದು ನಿಲ್ಲುತ್ತದೆ, ನಿಜ. ಆದರೆ ಅದಕ್ಕಿಂತ ಒಳ್ಳೆಯದು, ಏನನ್ನೂ ಅಳಿಸುವ ಮೊದಲು ಯಾವ ಯಾವ ವೇರಿಯಬಲ್‌ಗಳು ಖಾಲಿಯಾಗಬಲ್ಲವು ಅಂತ ಒಂದು ಪಟ್ಟಿ ಮಾಡಿಕೊಳ್ಳುವುದು. ನೇರವಾಗಿ ε ಇರುವವು ಮೊದಲು ಪಟ್ಟಿಗೆ. ಆಮೇಲೆ, ಯಾವ ನಿಯಮದ ಬಲಗಡೆ ಇರುವುದೆಲ್ಲ ಈಗಾಗಲೇ ಪಟ್ಟಿಯಲ್ಲಿದೆಯೋ ಅದರ ಎಡಗಡೆಯದ್ದೂ ಪಟ್ಟಿಗೆ. ಒಂದು ಪೂರ್ತಿ ಸುತ್ತಿನಲ್ಲಿ ಹೊಸದೇನೂ ಸೇರದಿದ್ದರೆ ನಿಲ್ಲಿಸಿ. ಪಟ್ಟಿ ಬೆಳೆಯುತ್ತದೆಯೇ ಹೊರತು ಕುಗ್ಗಲ್ಲ, ಹಾಗಾಗಿ ಇದು ನಿಂತೇ ನಿಲ್ಲುತ್ತದೆ.

ನಮ್ಮ ವ್ಯಾಕರಣದಲ್ಲಿ ಪಟ್ಟಿ ಚಿಕ್ಕದು: A ಮಾತ್ರ. S ಬರಲ್ಲ, ಯಾಕೆಂದರೆ T ಇಲ್ಲದೆ S ಖಾಲಿಯಾಗದು. T ಬರಲ್ಲ, ಯಾಕೆಂದರೆ S ಇಲ್ಲದೆ T ಖಾಲಿಯಾಗದು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತಿದ್ದಾರೆ, ಶುರು ಮಾಡಿಕೊಡುವವರು ಯಾರೂ ಇಲ್ಲ.

ಪಟ್ಟಿ ಸಿಕ್ಕಿತಲ್ಲ, ಈಗ ಪ್ರತಿ ನಿಯಮದಲ್ಲೂ ಪಟ್ಟಿಯ ವೇರಿಯಬಲ್ ಎಲ್ಲೆಲ್ಲಿ ಬಂದಿದೆಯೋ ಅಲ್ಲಲ್ಲಿ ಇಟ್ಟು ಒಂದು, ಬಿಟ್ಟು ಒಂದು ಬರೆಯಿರಿ. ಎಲ್ಲ ಖಾಲಿ ನಿಯಮಗಳನ್ನೂ ತೆಗೆಯಿರಿ. ಇಲ್ಲೊಂದು ಸಣ್ಣ ಗುಂಡಿ ಇದೆ. `S → A b A` ಅಂತಿದ್ದರೆ ಎಷ್ಟು ನಿಯಮ ಬರಬೇಕು? ಉತ್ತರಪತ್ರಿಕೆಗಳಲ್ಲಿ ನಾನು ಜಾಸ್ತಿ ನೋಡಿದ್ದು `AbA` ಮತ್ತು `b`, ಎರಡೇ. ಎರಡು A ಗಳೂ ಒಟ್ಟಿಗೇ ಹೋಗಬೇಕು, ಒಟ್ಟಿಗೇ ಇರಬೇಕು ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಪ್ರತಿ ಜಾಗವೂ ಸ್ವತಂತ್ರ. `AbA`, `bA`, `Ab`, `b`, ಒಟ್ಟು ನಾಲ್ಕು. ತಪ್ಪಾಗಿದೆಯಾ ಅಂತ ನೋಡಲು ab ಅನ್ನೋ ಸ್ಟ್ರಿಂಗ್ ಕೊಟ್ಟು ನೋಡಿ. ಹಳೆಯ ವ್ಯಾಕರಣ ಒಪ್ಪಿ ಹೊಸದು ಒಪ್ಪದಿದ್ದರೆ ಈ ತಪ್ಪೇ ಆಗಿರುತ್ತದೆ.

ನಮ್ಮ ವ್ಯಾಕರಣ ಈಗ ಹೀಗಿದೆ:

```
S → T A | T
T → S A | S | b
A → a
```

ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಮೊದಲು ಇಲ್ಲಿ ಒಂದೇ ಒಂದು ಒಂಟಿ ನಿಯಮ ಇರಲಿಲ್ಲ. ಈಗ ಎರಡಿವೆ, ಸಾಲದ್ದಕ್ಕೆ ಅವು ಒಂದು ಚಕ್ರ: S ಇಂದ T, T ಇಂದ S. ಖಾಲಿ ನಿಯಮ ತೆಗೆದದ್ದರಿಂದಲೇ ಇವು ಹುಟ್ಟಿದವು. ನೀವು ಒಂಟಿ ನಿಯಮಗಳನ್ನು ಮೊದಲು ತೆಗೆಯಲು ಹೋಗಿದ್ದರೆ "ಏನೂ ಇಲ್ಲ, ಕೆಲಸ ಆಯಿತು" ಅಂತ ಮುಂದೆ ಹೋಗಿ, ಆಮೇಲೆ ಖಾಲಿ ನಿಯಮ ತೆಗೆದು, ಈ ಚಕ್ರವನ್ನು ಹಾಗೇ ಉಳಿಸಿಬಿಡುತ್ತಿದ್ದಿರಿ. ಖಾಲಿ ನಿಯಮ ಮೊದಲು ತೆಗೆದರೆ ಈ ತೊಂದರೆ ಇಲ್ಲ. ಒಂಟಿ ನಿಯಮ ತೆಗೆಯುವಾಗ ನಾವು ಈಗಾಗಲೇ ಇರುವ ಬಲಗಡೆಗಳನ್ನು ನಕಲು ಮಾಡುತ್ತೇವೆ ಅಷ್ಟೇ. ε ಎಲ್ಲೂ ಇಲ್ಲದಿದ್ದರೆ ನಕಲಿನಿಂದ ε ಹುಟ್ಟಲ್ಲ. ಅದಕ್ಕೇ ಈ ಕ್ರಮ: ಖಾಲಿ ಮೊದಲು, ಒಂಟಿ ಆಮೇಲೆ.

ಶುರುವಿನ ವೇರಿಯಬಲ್ಲೇ ಖಾಲಿಯಾಗಬಲ್ಲದು ಅಂತಾದರೆ ಏನು ಮಾಡೋದು? `S → a S b | ε` ತೆಗೆದುಕೊಳ್ಳಿ. ε ಈ ಭಾಷೆಯಲ್ಲೇ ಇದೆ, ತೆಗೆದರೆ ಭಾಷೆಯೇ ಬದಲಾಗುತ್ತದೆ. ಹಾಗಂತ `S → ε` ಉಳಿಸಿಕೊಂಡರೆ, S ಬಲಗಡೆಯೂ ಇರುವುದರಿಂದ ಕುಗ್ಗುವ ಕಾಟ ವಾಪಸ್ ಬರುತ್ತದೆ. ಹೊಸದೊಂದು `S0` ಇಟ್ಟು, `S0 → S | ε` ಅಂತ ಬರೆಯುತ್ತೇವೆ. `S0` ಯಾವ ಬಲಗಡೆಯಲ್ಲೂ ಬರಲ್ಲ, ಹಾಗಾಗಿ ಆ ಒಂದು ε ಯಿಂದ ಅಪಾಯವಿಲ್ಲ. ನಾರ್ಮಲ್ ಫಾರ್ಮ್ ಕೂಡ ಆ ಒಂದಕ್ಕೆ ಮಾತ್ರ ರಿಯಾಯಿತಿ ಕೊಡುತ್ತದೆ.

ಇನ್ನು ಒಂಟಿ ನಿಯಮಗಳು. ಇಲ್ಲೂ ಒಂದೊಂದಾಗಿ ಕೀಳಲು ಹೋಗಬೇಡಿ. ಪ್ರತಿ ವೇರಿಯಬಲ್‌ಗೂ, ಬರೀ ಒಂಟಿ ನಿಯಮಗಳ ಮೇಲೆ ನಡೆದು ಎಲ್ಲೆಲ್ಲಿಗೆ ಮುಟ್ಟಬಹುದು ಅಂತ ನೋಡಿ. S ಇಂದ S ಮತ್ತು T. T ಇಂದ T ಮತ್ತು S. A ಇಂದ A ಮಾತ್ರ. ಆಮೇಲೆ, ಮುಟ್ಟಿದ ಪ್ರತಿಯೊಂದರ ಒಂಟಿಯಲ್ಲದ ಬಲಗಡೆಗಳನ್ನು ಹೊರಟ ವೇರಿಯಬಲ್‌ಗೆ ಕೊಡಿ. "ಒಂಟಿಯಲ್ಲದ" ಅನ್ನೋದನ್ನು ಮರೆತು ಎಲ್ಲವನ್ನೂ ನಕಲು ಮಾಡಿದರೆ `S → S` ಥರದ ಕಸ ಸೇರಿಕೊಳ್ಳುತ್ತದೆ.

```
S → T A | S A | b
T → T A | S A | b
A → a
```

ಎಲ್ಲ ನಿಯಮಗಳೂ ಆಗಲೇ ಚೋಮ್ಸ್ಕಿ ನಾರ್ಮಲ್ ಫಾರ್ಮ್ ಆಕಾರದಲ್ಲಿವೆ. ಶುರುವಿನ ವೇರಿಯಬಲ್ ಬಲಗಡೆ ಇರಲೇಬಾರದು ಅನ್ನುವ ಕಟ್ಟುನಿಟ್ಟಿನ ವ್ಯಾಖ್ಯೆ ನಿಮ್ಮದಾದರೆ, S ನ ಮೂರು ಬಲಗಡೆಗಳನ್ನೇ `S0` ಗೂ ಕೊಟ್ಟುಬಿಡಿ. ಪರೀಕ್ಷೆ ಮಾಡೋಣ. b ಗೆ n = 1, ಒಂದೇ ಹೆಜ್ಜೆ: S ಇಂದ b. ba ಗೆ ಮೂರು: S, TA, bA, ba. ಲೆಕ್ಕ ಸರಿಯಾಯಿತು. ಮೊದಲು ಕೊನೆಯಿಲ್ಲದಷ್ಟು ಟ್ರೀ ಇದ್ದ b ಗೆ ಈಗ ಒಂದೇ ಟ್ರೀ. ba ಗೆ ಎರಡು, ಒಂದು TA ಮೂಲಕ, ಇನ್ನೊಂದು SA ಮೂಲಕ. S ಮತ್ತು T ಎರಡರ ಬಲಗಡೆಯೂ ಒಂದೇ ಅಂತ ನಿಮಗೆ ಕಂಡಿರಬೇಕು, ಅಲ್ವಾ? ಚಕ್ರದಲ್ಲಿ ಸಿಕ್ಕ ವೇರಿಯಬಲ್‌ಗಳಿಗೆ ಯಾವಾಗಲೂ ಹೀಗೇ ಆಗುತ್ತದೆ. ಬೇಕಿದ್ದರೆ ಎರಡನ್ನೂ ಒಂದೇ ಮಾಡಿಬಿಡಬಹುದು.

ಗಾತ್ರದ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಒಂದು ನಿಯಮದ ಬಲಗಡೆ 10 ಬೇರೆ ಬೇರೆ ವೇರಿಯಬಲ್ ಇದ್ದು, ಎಲ್ಲವೂ ಖಾಲಿಯಾಗಬಲ್ಲವು ಅನ್ನಿ. ಇಟ್ಟು-ಬಿಟ್ಟು ಬರೆದರೆ 1023 ನಿಯಮ. 20 ಇದ್ದರೆ 10 ಲಕ್ಷ ದಾಟುತ್ತದೆ. ಪರಿಹಾರ ಸುಲಭ: ಖಾಲಿ ನಿಯಮ ಮುಟ್ಟುವ ಮೊದಲೇ ಉದ್ದದ ಬಲಗಡೆಗಳನ್ನು ಎರಡೆರಡಾಗಿ ಮುರಿಯಿರಿ. `S → P Q R` ಅನ್ನು `S → P M`, `M → Q R` ಅಂತ. ಈಗ ಪ್ರತಿ ನಿಯಮಕ್ಕೂ ಹೆಚ್ಚೆಂದರೆ ಮೂರು ರೂಪ: ಎರಡೂ ಇದ್ದದ್ದು, ಎಡ ಮಾತ್ರ, ಬಲ ಮಾತ್ರ. ಬಹಳ ಪಠ್ಯಗಳಲ್ಲಿ ಈ ಮುರಿಯುವ ಕೆಲಸ ಕೊನೆಗೆ ಬರುತ್ತದೆ. ಕಾಗದದ ಮೇಲೆ ಅದು ನಡೆಯುತ್ತದೆ, ಪ್ರೋಗ್ರಾಂನಲ್ಲಿ ದುಬಾರಿ. ಮಾರ್ಟಿನ್ ಲಾಂಗೆ ಮತ್ತು ಹಾನ್ಸ್ ಲೈಸ್ 2009ರ ತಮ್ಮ ಲೇಖನದಲ್ಲಿ ಇದನ್ನೇ ಎತ್ತಿ ತೋರಿಸಿದರು. ಒಂಟಿ ನಿಯಮ ತೆಗೆಯುವಾಗ ಮಾತ್ರ ವ್ಯಾಕರಣ ವರ್ಗದ ಪ್ರಮಾಣದಲ್ಲಿ ಊದಿಕೊಳ್ಳಬಹುದು. ಅದಕ್ಕೆ ಅವರು ಸಿವೈಕೆ ಅನ್ನೋ ಪಾರ್ಸಿಂಗ್ ವಿಧಾನಕ್ಕೆ ಎರಡೆರಡಾಗಿ ಮುರಿದರೆ ಸಾಕು, ಒಂಟಿ ನಿಯಮಗಳ ಸಂಬಂಧವನ್ನು ಮೊದಲೇ ಲೆಕ್ಕ ಹಾಕಿಟ್ಟು ಪಾರ್ಸಿಂಗ್ ಹೊತ್ತಿನಲ್ಲಿ ಬಳಸಿಕೊಳ್ಳಬಹುದು ಅಂದರು. ನನ್ನ ಮಟ್ಟಿಗೆ ಪ್ರೋಗ್ರಾಂ ಬರೆಯುವವರಿಗೆ ಅದೇ ವಾಸಿ. ಕೈಯಲ್ಲಿ ಮಾಡಿ ಕಲಿಯುವವರಿಗೆ ಪೂರ್ತಿ ಪರಿವರ್ತನೆ ಮಾಡೋದೇ ಒಳ್ಳೆಯದು.

ಕೊನೆಯದಾಗಿ, ಈ ಕೆಲಸದಲ್ಲಿ ಭಾಷೆ ಉಳಿಯುತ್ತದೆ, ಟ್ರೀ ಉಳಿಯಲ್ಲ. ಹೊಸ ವ್ಯಾಕರಣದಲ್ಲಿ `S → b` ಒಂದೇ ಕೊಂಬೆ. ಹಳೆಯದರಲ್ಲಿ ಅದು S ಇಂದ T, T ಇಂದ b, ಪಕ್ಕದಲ್ಲಿ ಖಾಲಿಯಾದ ಒಂದು A. ಬರೀ ಹೌದು-ಅಲ್ಲ ಉತ್ತರ ಸಾಕಾದರೆ ಇದರಿಂದ ತೊಂದರೆಯಿಲ್ಲ. ಹಳೆಯ ಟ್ರೀ ಬೇಕಿದ್ದರೆ, ಹೊಸ ನಿಯಮ ಹುಟ್ಟುವಾಗಲೇ ಅದರ ಜೊತೆ ಒಂದು ಟಿಪ್ಪಣಿ ಇಟ್ಟುಕೊಳ್ಳಬೇಕು: ಯಾವ ಒಂಟಿ ನಿಯಮಗಳ ಮೇಲೆ ನಡೆದು ಬಂದೆವು, ಯಾವ ಜಾಗದ ವೇರಿಯಬಲ್ ಬಿಟ್ಟೆವು ಅಂತ. `S → b` ಗೆ ಆ ಟಿಪ್ಪಣಿ ಹೀಗಿರುತ್ತದೆ: `S → T A`, ಇಲ್ಲಿ A ಬಿಟ್ಟದ್ದು, ಆಮೇಲೆ `T → b`. ನಮ್ಮಂಥ ಚಕ್ರ ಇದ್ದಾಗ ಒಂದೇ ನಿಯಮಕ್ಕೆ ಕೊನೆಯಿಲ್ಲದಷ್ಟು ದಾರಿಗಳಿರುತ್ತವೆ. ಹಾಗಾಗಿ ಎಲ್ಲಕ್ಕಿಂತ ಚಿಕ್ಕ ದಾರಿಯೊಂದನ್ನು ಮಾತ್ರ ಬರೆದಿಟ್ಟುಕೊಳ್ಳಿ, ಉಳಿದವನ್ನು ಬಿಟ್ಟುಬಿಡಿ.